ಮೊದಲು ಹಿರಿಯನ ತಲೆ

ಹದಿನಾಲ್ಕು ವರ್ಷ ಬಾಯಿ ಕಟ್ಟಿಕೊಂಡಿದ್ದ ಅಣ್ಣಪ್ಪನಿಗೆ ಕಡೆಗೂ ಬಾಯಿ ಬಿಡಬೇಕಾಗಿ ಬಂದದ್ದು ಎಲ್ಲಿ ಅಂತೀರಿ? ಧಾರೇಶ್ವರದ ಸಮುದ್ರದಂಡೆಯಲ್ಲಿ, ಅಪ್ಪನ ಹತ್ತನೇ ದಿನದ ಬೆಳಿಗ್ಗೆ, ಒದ್ದೆ ಪಂಚೆ ಉಟ್ಟುಕೊಂಡು ನಿಂತಿದ್ದಾಗ. ಹೇಳುವುದಕ್ಕೆ ಎಷ್ಟು ಒಳ್ಳೆಯ ಹೊತ್ತುಗಳು ಬಂದುಹೋಗಿದ್ದವು! ಚೌತಿ ಬಂತು, ದೀಪಾವಳಿ ಬಂತು, ತಮ್ಮನ ಮನೆಯ ಜಗಲಿಯಲ್ಲಿ ಅಪ್ಪನೂ ಅವನೂ ಇಬ್ಬರೇ ಕೂತು ಎಲೆಯಡಿಕೆ ಹಾಕಿದ ಮಧ್ಯಾಹ್ನಗಳು ಬಂದವು. ಆಗೆಲ್ಲ ಈ ಮಹಾರಾಯ ಮಳೆಯ ಮಾತು, ಮೀನಿನ ರೇಟಿನ ಮಾತು ಆಡಿ ಸಂಜೆಯ ಬಸ್ಸು ಹತ್ತಿದ. ಈಗ ಅನುಭವಿಸಬೇಕಾಯಿತು.

ಅಣ್ಣಪ್ಪ ಹಳದೀಪುರದ ಕುಪ್ಪ ಮತ್ತು ದುರ್ಗಿಯ ಹಿರಿಮಗ. ವಯಸ್ಸು ನಲವತ್ತೈದು. ಭಟ್ಕಳದ ಒಂದು ಜವಳಿ ಅಂಗಡಿಯಲ್ಲಿ ಕೆಲಸ. ಅಂಗಡಿಯ ಮೇಲೆಯೇ ಒಂದು ಕೋಣೆ ಕೊಟ್ಟಿದ್ದಾರೆ. ಆ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟವ್, ಒಂದು ತಟ್ಟೆ, ಒಂದು ಲೋಟ. ಎರಡನೆಯ ಲೋಟ ಕೊಳ್ಳಬೇಕು ಅಂತ ಅವನಿಗೆ ಅನಿಸಿದ್ದೇ ಇಲ್ಲ, ಯಾಕೆಂದರೆ ಆ ಕೋಣೆಗೆ ಯಾರೂ ಬಂದದ್ದೇ ಇಲ್ಲ. ಅವನೂ ಕರೆದವನಲ್ಲ. ಊರಿಗೆ ಬಂದರೆ ಚೀಲದಲ್ಲಿ ತನ್ನದೇ ಟವೆಲು, ತನ್ನದೇ ಸೋಪು, ತನ್ನದೇ ನೀರಿನ ಬಾಟ್ಲಿ. ತಮ್ಮನ ಹೆಂಡತಿ ಕಲ್ಪನಾ ಹಾಸಿಗೆ ಹಾಸಿದರೆ, 'ಬ್ಯಾಡ, ಬಸ್ಸಿದೆ' ಎಂದು ಎದ್ದುಬಿಡುವನು. ಊರವರು ಸುಮ್ಮನಿರುತ್ತಾರೆಯೇ? 'ಭಟ್ಕಳದ ಸಾಹೇಬ್ರಿಗೆ ನಮ್ಮನೆ ನೀರು ರುಚಿಯಿಲ್ಲ' ಎಂದು ಆಡಿಕೊಂಡರು. ಅವನು ಅದನ್ನೂ ಕೇಳಿಸಿಕೊಂಡ, ಸುಮ್ಮನಾದ. ಸೊಕ್ಕಿನವನು ಅನಿಸಿಕೊಳ್ಳುವುದು ರೋಗಿ ಅನಿಸಿಕೊಳ್ಳುವುದಕ್ಕಿಂತ ಸಲೀಸು ಎಂದು ಅವನ ಲೆಕ್ಕ.

ರೋಗ ಅಂದರೆ ಲಿವರಿಗೆ ತಗಲುವ ಹೆಪಟೈಟಿಸ್ ಬಿ. ಹದಿನಾಲ್ಕು ವರ್ಷದ ಹಿಂದೆ ಭಟ್ಕಳದಲ್ಲಿ ಯಾರೋ ಯುವಕರು ರಕ್ತದಾನ ಶಿಬಿರ ಮಾಡಿದ್ದರು. ಇವನೂ ಹೋಗಿ ಕೈ ಚಾಚಿ ಮಲಗಿದ, ಬಿಸ್ಕೀಟು ತಿಂದು ಬಂದ. ಕೆಲವು ದಿನ ಕಳೆದ ಮೇಲೆ ಬ್ಲಡ್ ಬ್ಯಾಂಕಿನವರು ಫೋನ್ ಮಾಡಿ ಕರೆದರು. ರಕ್ತದಲ್ಲಿ ವೈರಸ್ ಸಿಕ್ಕಿತ್ತು. ಅರ್ಧ ವರ್ಷ ಬಿಟ್ಟು ನೋಡಿದರೂ ಅದು ಅಲ್ಲೇ ಕೂತಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಎದುರಿಗೆ ಕೂರಿಸಿಕೊಂಡು ತಾಳ್ಮೆಯಿಂದ ಹೇಳಿದರು.

"ಇದು ರಕ್ತದಿಂದ ದಾಟೋ ರೋಗ. ಊಟದಿಂದ, ನೀರಿನಿಂದ, ಮುಟ್ಟೋದ್ರಿಂದ, ಒಂದೇ ಲೋಟದಲ್ಲಿ ಕುಡಿಯೋದ್ರಿಂದ ಬರೋದಿಲ್ಲ. ರೇಜರ್, ಬ್ಲೇಡು, ಟೂತ್‌ಬ್ರಷ್, ಸೂಜಿ, ಇವನ್ನ ಮಾತ್ರ ಯಾರಿಗೂ ಕೊಡಬೇಡಿ, ಯಾರದ್ದೂ ತಗೋಬೇಡಿ. ಗಂಡ ಹೆಂಡ್ತಿ ನಡುವೆ ದಾಟ್ತದೆ, ಹೆರಿಗೇಲಿ ತಾಯಿಯಿಂದ ಮಗೂಗೆ ದಾಟ್ತದೆ. ಅದಕ್ಕೆ ಲಸಿಕೆ ಇದೆ. ಮದುವೆಗೆ ಅಡ್ಡಿಯಿಲ್ಲ, ಹೆಂಡ್ತಿಯಾಗೋರು ಮೊದಲೇ ಲಸಿಕೆ ಹಾಕಿಸ್ಕೊಂಡ್ರೆ ಆಯ್ತು. ನಿಮ್ಮ ಅಪ್ಪ, ಅಮ್ಮ, ತಮ್ಮ ಎಲ್ರಿಗೂ ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ. ಹಲವರಿಗೆ ಇದು ಇದ್ದೂ ಗೊತ್ತೇ ಆಗೋದಿಲ್ಲ."

ಅಷ್ಟನ್ನೂ ಅವನು ತಲೆಯಾಡಿಸುತ್ತ ಕೇಳಿದ. ತಲೆಯೊಳಗೆ ಇಳಿದದ್ದು ಮಾತ್ರ ಒಂದೇ ಶಬ್ದ: ರೋಗ. ತಮ್ಮನಿಗೆ ಅವನಿಗಿಂತ ಮೊದಲೇ ಮದುವೆಯಾಗಿ ಮಗ ಶಾಲೆಗೆ ಹೋಗುತ್ತಿದ್ದ; ಕುಮಟೆಯ ನೀಲಾಳ ಜೊತೆ ಕಡೆಗೂ ಅವನ ಮದುವೆಯೂ ಗೊತ್ತಾಗಿತ್ತು. ನೀಲಾ ಅಂಗನವಾಡಿಯಲ್ಲಿ ಪಾಠ ಮಾಡುವವಳು, ತಾನೇ ಮಕ್ಕಳಿಗೆ ಲಸಿಕೆ ಹಾಕಿಸಲು ಓಡಾಡುವವಳು. ಅವಳ ಹತ್ತಿರ ಹೇಳಿದ್ದರೆ ಅವಳು, 'ಇಷ್ಟೇನಾ?' ಎನ್ನುತ್ತಿದ್ದಳೋ ಏನೋ. ಇವನು ಹೇಳಲಿಲ್ಲ. ಕಾರಣ ಕೊಡದೆ, 'ನಂಗೆ ಮದುವೆ ಬ್ಯಾಡ' ಅಂದುಬಿಟ್ಟ. ಎರಡೂ ಮನೆಯವರು ಉಗಿದರು. ನೀಲಾ ಬೇರೆಯವರನ್ನು ಮದುವೆಯಾದಳು. ಇವನು ಭಟ್ಕಳದ ಕೋಣೆಯಲ್ಲಿ ಒಂದು ಲೋಟ ಚಾ ಮಾಡಿಕೊಂಡು ಕುಡಿದ. ಆ ದಿನ ಅತ್ತ, ಮರುದಿನ ಅಂಗಡಿಗೆ ಹೋದ.

ಎಲ್ಲಿಂದ ಬಂತು ಇದು? ಅವನ ಒಂಟಿ ಸಂಜೆಗಳೆಲ್ಲ ಈ ಪ್ರಶ್ನೆಗೇ ಹೋದವು. ಇಪ್ಪತ್ತರ ಹುಚ್ಚಿನಲ್ಲಿ ಹೊನ್ನಾವರದ ಬಸ್ ಸ್ಟ್ಯಾಂಡಿನ ಹೊರಗೆ, ಬ್ಯಾಟರಿ ಮಷಿನ್ ಇಟ್ಟುಕೊಂಡು ಕೂತವನ ಹತ್ತಿರ ಮುಂಗೈಗೆ ಹಚ್ಚೆ ಹಾಕಿಸಿಕೊಂಡಿದ್ದ. ಒಂದು ತಾವರೆ ಹೂವು. ಮೊದಲಿನವನಿಗೆ ಚುಚ್ಚಿದ ಸೂಜಿಯನ್ನೇ ಆ ಪುಣ್ಯಾತ್ಮ ಬಟ್ಟೆಗೆ ಒರಸಿ, ಅದೇ ಮುಚ್ಚಳದ ಶಾಯಿಯಲ್ಲಿ ಅದ್ದಿ ಇವನಿಗೂ ಚುಚ್ಚಿದ್ದ. ಅದರಿಂದ ಬಂತೋ? ಸಣ್ಣವನಿದ್ದಾಗ ಕೇರಿಯ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಒಂದೇ ಸೂಜಿಯಲ್ಲಿ ಕಿವಿ ಚುಚ್ಚಿದ್ದರಂತೆ. ಅದರಿಂದಲೋ? ಅಥವಾ ಮನೆಯ ಬಚ್ಚಲಲ್ಲಿ ಅಪ್ಪ, ತಮ್ಮ, ತಾನು ಮೂವರೂ ಬಳಸುತ್ತಿದ್ದ ಆ ಒಂದು ರೇಜರಿನಿಂದಲೋ? ಕೇಳಿದಾಗ ಡಾಕ್ಟರಮ್ಮ, ದೊಡ್ಡವರಾದ ಮೇಲೆ ತಗಲಿದ್ದು ಹೆಚ್ಚಾಗಿ ತಾನೇ ಹೋಗ್ತದೆ, ಸಣ್ಣವರಿದ್ದಾಗ ತಗಲಿದ್ದು ಉಳಿದುಬಿಡ್ತದೆ, ಆದರೂ ಖಚಿತ ಹೇಳೋಕಾಗೋದಿಲ್ಲ ಎಂದಿದ್ದರು. 'ಹುಡುಕಬೇಡಿ, ಮಾತ್ರೆ ತಗೊಳ್ಳಿ' ಎಂದರು. ಕೆಲವು ವರ್ಷದಿಂದ ದಿನಕ್ಕೊಂದು ಮಾತ್ರೆ ನಡೆದಿದೆ, ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ. ವೈರಸ್ ತೀರ ಕಡಿಮೆಯಾಗಿದೆ. ಆರಾರು ತಿಂಗಳಿಗೆ ಸ್ಕ್ಯಾನಿಂಗ್. ತನ್ನ ದೇಹವನ್ನು ಅವನು ಚೆನ್ನಾಗಿಯೇ ನೋಡಿಕೊಂಡ. ಆದರೆ ಮನೆಯವರಿಗೆ ಪರೀಕ್ಷೆ ಮಾಡಿಸಿ ಎಂದ ಮಾತು ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಗಿ ಗಂಟಲಲ್ಲೇ ಉಳಿಯಿತು.

ಹಾಗಿರುವಾಗ ಅಪ್ಪ ಕುಪ್ಪ ತೀರಿಕೊಂಡ. ವಯಸ್ಸಾಗಿತ್ತು, ಮಲಗಿದಲ್ಲೇ ಹೋದ. ಹಿರಿಮಗ ಬಂದು ಬೆಂಕಿ ಕೊಟ್ಟ. ಸೂತಕದ ದಿನಗಳಲ್ಲಿ ಎಷ್ಟೋ ವರ್ಷದ ಮೇಲೆ ಅಣ್ಣಪ್ಪ ಹುಟ್ಟಿದ ಮನೆಯಲ್ಲಿ ಮಲಗಿದ, ಅದೂ ಜಗಲಿಯ ತುದಿಯಲ್ಲಿ. ಹತ್ತನೇ ದಿನದ ಕ್ಷೌರದ ಯೋಚನೆ ಆಗಾಗ ಬಂದು ಕಾಡುತ್ತಿತ್ತು. ಕ್ಷೌರದ ಮಹಾಗಣಪತಿ, ಊರಿಗೆಲ್ಲ ಗಣಪಣ್ಣ, ಹೆದ್ದಾರಿಯ ಬದಿಗೆ ಅಂಗಡಿ ಇಟ್ಟಿದ್ದಾನೆ. ಗಿರಾಕಿಗೊಂದು ಹೊಸ ಅರ್ಧ ಬ್ಲೇಡು ಹಾಕುತ್ತಾನೆ, ಅದನ್ನು ಅಣ್ಣಪ್ಪ ಬಸ್ಸಿಗೆ ಕಾಯುವಾಗ ಕಣ್ಣಾರೆ ಕಂಡಿದ್ದ. ಹಾಗಾದರೆ ಹೆದರಿಕೆಯಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಆದರೆ ಧಾರೇಶ್ವರದ ಗಾಳಿಮರದ ನೆರಳಲ್ಲಿ ಗಣಪಣ್ಣ ಚೀಲ ಬಿಚ್ಚಿದಾಗ ಹೊರಬಂದದ್ದು ಬ್ಲೇಡಲ್ಲ. ಮರದ ಪೆಟ್ಟಿಗೆ. ಅದರೊಳಗೆ ಕೆಂಪು ಬಟ್ಟೆ ಸುತ್ತಿದ ಹಳೇ ಕಾಲದ ಮಡಚುವ ಕತ್ತಿ.

"ಗಣಪಣ್ಣ, ಅಂಗಡೀಲಿ ಬ್ಲೇಡ್ ಹಾಕ್ತ್ರಿ ಅಲ್ಲ? ಅದು ತರ್ಲಿಲ್ವಾ?"

"ಅದೆಂತ ಸೂತಕಕ್ಕೆ ನಡೀತದ?" ಗಣಪಣ್ಣ ಕಲ್ಲಿನ ಮೇಲೆ ಕತ್ತಿ ಮಸೆಯುತ್ತ ನಕ್ಕ. "ಇದು ಸಾವಿನ ಮನೆ ಕತ್ತಿ. ನಮ್ಮಪ್ಪನ ಕಾಲದ್ದು. ಅಂಗಡಿಗೆ ತಕಂಡು ಹೋಗೂದಿಲ್ಲ, ಅಂಗಡೀದು ಇಲ್ಲಿಗೆ ತರೂದಿಲ್ಲ. ನಿಮ್ಮಜ್ಜನ ಹತ್ತಕ್ಕೂ ಇದೇ. ಬಾ, ಕೂತ್ಕೋ. ಮೊದ್ಲು ಹಿರಿಯನ ತಲೆ."

ನೋಡಿ, ಮಡಿಯ ಲೆಕ್ಕ ಎಂಥದು! ಮೈಲಿಗೆ ಆಗಬಾರದೆಂದು ಬೇರೆ ಇಟ್ಟ ಕತ್ತಿ. ಬದುಕಿದ್ದವರ ಗಲ್ಲಕ್ಕೆಲ್ಲ ಹೊಸ ಬ್ಲೇಡು. ಸತ್ತವರ ಮಕ್ಕಳ ತಲೆಗೆ ಮಾತ್ರ ಊರಿಗೆಲ್ಲ ಒಂದೇ ಕತ್ತಿ. ಒಂದು ತಲೆಯಿಂದ ಇನ್ನೊಂದು ತಲೆಗೆ, ಒಂದು ಸಾವಿನಿಂದ ಇನ್ನೊಂದು ಸಾವಿಗೆ. ನಡುವೆ ಸಮುದ್ರದ ನೀರಲ್ಲಿ ಒಂದು ಅದ್ದು, ಬಟ್ಟೆಯಲ್ಲಿ ಒಂದು ಒರಸು, ಅಷ್ಟೇ. ಗಣಪಣ್ಣನ ಮನಸ್ಸಿನಲ್ಲಿ ಕೇಡಿಲ್ಲ. ಅವನಪ್ಪ ಕಲಿಸಿದ್ದು ಹಾಗೆ.

ಅಣ್ಣಪ್ಪನ ಹಿಂದೆ ಸಾಲು ನಿಂತಿತ್ತು. ತಮ್ಮ ವೆಂಕಟ್ರಮಣ, ಆಮೇಲೆ ಚಿಕ್ಕಪ್ಪನ ಮಕ್ಕಳಿಬ್ಬರು, ಕಡೆಗೆ ವೆಂಕಟ್ರಮಣನ ಮಗ ಸಂಜಯ. ಸಂಜಯ ಡಿಪ್ಲೊಮಾ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವನು. ಅಜ್ಜ ಅಂದರೆ ಪ್ರಾಣ. ಅತ್ತು ಅತ್ತು ಅವನ ಕಣ್ಣು ಬಾತುಹೋಗಿತ್ತು. ಕತ್ತಿ ಮೊದಲು ಅಣ್ಣಪ್ಪನ ತಲೆಯ ಮೇಲೆ ಆಡಬೇಕು, ಎಲ್ಲಾದರೂ ಗೀರಬೇಕು, ಗೀರದೆ ತಲೆ ಬೋಳಿಸಿದ ಕತ್ತಿ ಉಂಟೇ? ಆಮೇಲೆ ಅದೇ ಅಂಚು ಈ ಹುಡುಗನ ನೆತ್ತಿಗೆ ಬರಬೇಕು.

"ನಾ ಕಡೆಗೆ ಕೂತ್ಕಣ್ತೆ," ಅಂದ ಅಣ್ಣಪ್ಪ.

"ಎಂತಕ್ಕೆ?" ವೆಂಕಟ್ರಮಣನ ಹುಬ್ಬು ಗಂಟಾಯಿತು. "ಹಿರಿಯ ನೀನು. ನೀ ಕೂರ್ದೆ ನಾ ಕೂರೂಕೆ ಬರೂದಿಲ್ಲ."

"ಹಂಗಾರೆ ಬ್ಲೇಡ್ ತರ್ಸಿ. ಎಲ್ಲರಿಗೂ ಬೇರೆ ಬೇರೆ."

"ಹೌದಪ್ಪ! ಭಟ್ಕಳದ ಸಾಹೇಬ್ರಿಗೆ ನಮ್ಮೂರ ಕತ್ತಿನೂ ಆಗೂದಿಲ್ಲ!" ತಮ್ಮನ ಧ್ವನಿ ಏರಿತು. "ನಮ್ಮನೆ ನೀರು ಬ್ಯಾಡ, ನಮ್ಮನೆ ಹಾಸಿಗೆ ಬ್ಯಾಡ. ಅಪ್ಪ ಸತ್ತ ಮೇಲೂ ನಿನ್ನ ಸೊಕ್ಕು ಇಳೀಲಿಲ್ಲ ಅಲ್ಲ ಮಾರಾಯ. ಅಪ್ಪ ಕಡೇವರೆಗೂ ಕೇಳ್ತಾ ಇದ್ದ, ಅಣ್ಣಪ್ಪ ಎಂತಕ್ಕೆ ಉಳಿಯೂದಿಲ್ಲ ಅಂತ. ನಂಗೆ ಹೇಳೂಕೆ ಉತ್ತರ ಇರ್ಲಿಲ್ಲ."

ಅಪ್ಪ ಕೇಳುತ್ತಿದ್ದನೇ? ಹೇಳಿದರೆ ಮಾನ ಹೋಗುತ್ತದೆ. ಸುಮ್ಮನೆ ಹೋಗಿ ಕೂತುಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ವೈರಸ್ ಕಡಿಮೆ ಇದೆ, ಏನೂ ಆಗಲಿಕ್ಕಿಲ್ಲ ಎಂದು ಒಳಗೊಬ್ಬ ಹೇಳಿದ. ಆಗಲಿಕ್ಕಿಲ್ಲ ಎಂಬ ಮಾತಿನ ಮೇಲೆ ಸಂಜಯನ ತಲೆಯನ್ನು ಇಡಬಹುದೇ? ಅವನು ಒದ್ದೆ ಮರಳಿನ ಮೇಲೆ ಕೂತ, ಆದರೆ ಗಣಪಣ್ಣನ ಎದುರಿಗಲ್ಲ, ದೂರಕ್ಕೆ.

"ನಂಗೆ ರೋಗ ಇದೆ," ಎಂದ. "ಹೆಪಟೈಟಿಸ್ ಬಿ. ರಕ್ತದಲ್ಲಿ. ಹದಿನಾಲ್ಕು ವರ್ಷ ಆತು. ಆ ಕತ್ತಿ ನನ್ನ ತಲೆಗೆ ತಾಗಿ ನಿಮಗೆ ತಾಗ್ರೆ ನಿಮಗೂ ಬರಬಹುದು."

ಚಿಕ್ಕಪ್ಪನ ಮಕ್ಕಳು ಒಂದೊಂದು ಹೆಜ್ಜೆ ಹಿಂದೆ ಸರಿದರು, ಗಾಳಿಯಲ್ಲಿ ಹಾರಿಬರುವ ರೋಗವೋ ಎನ್ನುವ ಹಾಗೆ. ಗಣಪಣ್ಣ ಕೈಯಲ್ಲಿದ್ದ ಕತ್ತಿ ನೋಡಿದ.

"ಸಮುದ್ರದ ನೀರಲ್ಲಿ ಅದ್ದಿದ್ರೂ ಹೋಗೂದಿಲ್ವನ?" ಎಂದು ಕೇಳಿದ. ಪಾಪ, ನಿಜವಾಗಿ ತಿಳಿಯಲಿಕ್ಕೇ ಕೇಳಿದ್ದು.

"ಹೋಗೂದಿಲ್ಲ ಗಣಪಣ್ಣ. ಒಣಗಿದ ರಕ್ತದಲ್ಲೂ ಒಂದು ವಾರ ಬದುಕಿರ್ತದಂತೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಪಟಿಕ ಉಜ್ಜಿದ್ರೂ ಇಲ್ಲ, ಡೆಟಾಲ್ ಒರಸಿದ್ರೂ ನಂಬೂಕಾಗೂದಿಲ್ಲ."

"ಬಿ ಅಂದ್ರೆ ಲಸಿಕೆ ಇದೆ ಅಲ್ಲ ದೊಡ್ಡಪ್ಪ?" ಸಂಜಯ ಕೇಳಿದ. ಅವನೊಬ್ಬನೇ ಹಿಂದೆ ಸರಿದಿರಲಿಲ್ಲ. "ಎಲ್ಲರೂ ಹಾಕ್ಸ್ಕಂಡ್ರೆ ಮುಗೀತಲ್ಲ?"

"ಹಾಕ್ಸ್ಕಳ್ಳೂದೇ ಬೇಕು. ಆದ್ರೆ ಸಿ ಅಂತ ಇನ್ನೊಂದಿದೆ, ಅದಕ್ಕೆ ಲಸಿಕೆ ಇಲ್ಲ. ಮೂರು ತಿಂಗಳು ಮಾತ್ರೆ ತಕಂಡ್ರೆ ಹೆಚ್ಚಿನವರಿಗೆ ಗುಣ ಆಗ್ತದೆ, ಆದ್ರೆ ಇದೆ ಅಂತ ಗೊತ್ತಾಗ್ಬೇಕಲ್ಲ? ಲಸಿಕೆ ಹಾಕ್ಸ್ಕಂಡ್ರೂ ಕತ್ತಿ ಹಂಚೂದು ತಪ್ಪೇ."

ಸಂಜಯ ಬೈಕ್ ತೆಗೆದುಕೊಂಡು ಹೋಗಿ ಹೆದ್ದಾರಿಯ ಅಂಗಡಿಯಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ರೇಜರುಗಳನ್ನು ತಂದ. ಗಣಪಣ್ಣ ಗೊಣಗಲಿಲ್ಲ. ಸಾವಿನ ಕತ್ತಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ. ಪ್ರತಿ ತಲೆಗೂ ಹೊಸ ರೇಜರಿನ ಪ್ಯಾಕೆಟ್ ಒಡೆದ. ಕತ್ತಿಯಷ್ಟು ಚೆಂದ ಬರಲಿಲ್ಲ, ಅಲ್ಲಲ್ಲಿ ಹುಲ್ಲು ಕೊಯ್ದ ಗದ್ದೆಯ ಹಾಗೆ ಉಳಿಯಿತು. ಆದರೂ ಆಯಿತು. ತಮ್ಮ ಆದ, ಚಿಕ್ಕಪ್ಪನ ಮಕ್ಕಳಾದರು, ಸಂಜಯನಾದ. ಕಡೆಗೆ ಗಣಪಣ್ಣ ಅಣ್ಣಪ್ಪನ ಕಡೆ ತಿರುಗಿದ. ಅವನ ಹೆಬ್ಬೆರಳಿನಲ್ಲಿ ಹೊಸದೊಂದು ಗಾಯವಿತ್ತು, ಬೆಳಿಗ್ಗೆ ಕತ್ತಿ ಮಸೆಯುವಾಗ ಆದದ್ದು. ಅದನ್ನು ಅವನೂ ನೋಡಿದ, ಅಣ್ಣಪ್ಪನೂ ನೋಡಿದ.

"ಬ್ಯಾಡ ಗಣಪಣ್ಣ. ಒಂದು ನಂಗೆ ಕೊಡಿ, ನಾನೇ ಮಾಡ್ಕಣ್ತೆ. ನೀವೂ ಒಂದು ದಿನ ಹೋಗಿ ರಕ್ತ ನೋಡ್ಸಿ, ಲಸಿಕೆ ಹಾಕ್ಸ್ಕಳಿ. ಇಷ್ಟು ವರ್ಷ ನಿಮ್ಮ ಕೈಗೆ ಎಷ್ಟು ಜನದ ರಕ್ತ ತಾಗಿದೆಯೋ."

ಹೀಗೆ ಹಿರಿಮಗ ಎಲ್ಲರಿಗಿಂತ ಕಡೆಗೆ, ಎಲ್ಲರಿಗಿಂತ ದೂರದಲ್ಲಿ, ಕನ್ನಡಿಯೂ ಇಲ್ಲದೆ ತನ್ನ ತಲೆ ತಾನೇ ಬೋಳಿಸಿಕೊಂಡ. ಹಿಂಭಾಗ ಕಾಣದೆ ನಾಲ್ಕು ಕಡೆ ಗೀರಿಕೊಂಡ. ಕತ್ತಿನ ಮೇಲೆ ರಕ್ತ ಇಳಿದದ್ದು ಗೊತ್ತಾಗಿ ತನ್ನದೇ ಟವೆಲು ಒತ್ತಿ ಹಿಡಿದ. ಯಾರೂ ಹತ್ತಿರ ಬರಲಿಲ್ಲ, ಅವನೇ ಬರಬೇಡಿ ಎಂದಿದ್ದ. ಆದರೂ, ಬರಬೇಡ ಎಂದರೂ ಯಾರಾದರೂ ಬರಬಹುದಿತ್ತು ಎಂದು ಒಳಗೆ ಅನಿಸಿತು. ರೇಜರನ್ನು ಮರಳಲ್ಲಿ ಎಸೆಯಲಿಲ್ಲ, ಬರಿಗಾಲಲ್ಲಿ ಓಡಾಡುವ ಮೀನುಗಾರರ ದಂಡೆ ಅದು. ಅಗಲ ಬಾಯಿಯ ತನ್ನ ನೀರಿನ ಬಾಟ್ಲಿಗೆ ಹಾಕಿ ಮುಚ್ಚಳ ಬಿಗಿದು ಚೀಲಕ್ಕೆ ಸೇರಿಸಿದ. ಆಮೇಲೆ ಅಪ್ಪನಿಗೆ ನೀರು ಬಿಟ್ಟ.

ಮನೆಗೆ ಅವರಿಗಿಂತ ಮೊದಲೇ ಸುದ್ದಿ ಬಂದಿತ್ತು. ಗಡಿಗೆಯ ಬಾಯಿಗೆ ಮುಚ್ಚಳ ಉಂಟು, ಊರ ಬಾಯಿಗೆ ಎಲ್ಲಿಂದ ತರುವುದು? ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟದ ದಿನ ಕಲ್ಪನಾ ಅವನ ಬಾಳೆಲೆಯನ್ನು ಜಗಲಿಯ ಆಚೆ ತುದಿಗೆ ಹಾಕಿದಳು. ಕೆಟ್ಟವಳಲ್ಲ ಆಕೆ. ಹೆದರಿದವಳು. "ಬಾವ, ಬೇಜಾರ ಮಾಡ್ಕಳ್ಬೇಡಿ, ಮನೇಲಿ ಹುಡುಗ ಇದ್ದಾನೆ," ಎಂದು ಮೆಲ್ಲಗೆ ಅಂದಳು. ಸ್ಟೀಲಿನ ಲೋಟ ಎತ್ತಿಟ್ಟು ಪೇಪರ್ ಕಪ್ಪಲ್ಲಿ ನೀರು ಕೊಟ್ಟಳು. ವೆಂಕಟ್ರಮಣ ಕಂಡೂ ಕಾಣದವನಂತೆ ಬಡಿಸುವವರ ಕಡೆ ತಿರುಗಿಕೊಂಡ. ಕೈ ತೊಳೆಯಲು ಬಚ್ಚಲಿಗೆ ಹೋದರೆ ಅಲ್ಲಿ ಗೋಡೆಯ ಮೊಳೆಗೆ ಒಂದು ರೇಜರು ನೇತಾಡುತ್ತಿತ್ತು. ವೆಂಕಟ್ರಮಣ, ಸಂಜಯ ಇಬ್ಬರಿಗೂ ಅದೇ. ನಗಬೇಕೋ ಅಳಬೇಕೋ! ಬಾರದ ದಾರಿಗೆ ಬೇಲಿ ಹಾಕಿ, ಬರುವ ದಾರಿಯನ್ನು ತೆರೆದಿಟ್ಟ ಮನೆ. ಹದಿನಾಲ್ಕು ವರ್ಷ ತಾನು ಮಾಡಿದ್ದೂ ಅದೇ ಅಲ್ಲವೇ? ನೀರಿನ ಬಾಟ್ಲಿ ಹೊತ್ತುಕೊಂಡು ತಿರುಗಿದ, ಹೇಳಬೇಕಾದ ಒಂದು ಮಾತು ಹೇಳಲಿಲ್ಲ.

ಅವ್ವ ದುರ್ಗಿ ಮಾತ್ರ ಬಂದು ಅವನ ಎಲೆಯ ಪಕ್ಕ ಕೂತಳು. ಅವನ ಕಿವಿಯನ್ನು ಮುಟ್ಟಿ ನೋಡಿದಳು. "ನಾನೇ ಅಲ್ಲ ಮಗಾ ಕಿವಿ ಚುಚ್ಚಿಸೂಕೆ ಕೂರ್ಸಿದ್ದು? ನೀ ಕೂಗಿ ಓಡಿದ್ರೂ ಹಿಡಿದು ಕೂರ್ಸಿದೆ," ಎಂದು ಅಳತೊಡಗಿದಳು.

"ಅದ್ರಿಂದ್ಲೇ ಅಂತ ಹೇಳೂಕೆ ಬರೂದಿಲ್ಲ ಅವ್ವ. ಆಗ ಯಾರಿಗೆ ಗೊತ್ತಿತ್ತು?" ಎಂದು ಅವನು ಸಮಾಧಾನ ಹೇಳಿದ. "ಈಗ ನೀವೆಲ್ಲ ಒಂದ್ಸಲ ರಕ್ತ ನೋಡ್ಸಿ. ಅಷ್ಟು ಮಾಡಿ ಸಾಕು."

ಹೊರಡುವಾಗ ಸಂಜಯ ಬಸ್ಸಿನವರೆಗೆ ಬಂದ. ಅಜ್ಜನ ಹೆಸರು ತೋಳಿನ ಮೇಲೆ ಟ್ಯಾಟೂ ಹಾಕಿಸಬೇಕು ಎಂದಿದ್ದೆ, ಈಗ ಬೇಡವೋ ಏನೋ ಎಂದ. ಅಣ್ಣಪ್ಪ ಮುಂಗೈ ಮೇಲಿನ ಬಣ್ಣಗೆಟ್ಟ ತಾವರೆ ತೋರಿಸಿದ. "ಹಾಕ್ಸೂದಾರೆ ಹಾಕ್ಸು. ಮೊದ್ಲು ಲಸಿಕೆ ಮುಗಿಲಿ. ಸೂಜಿ ಪ್ಯಾಕೆಟ್ ನಿನ್ನೆದುರೇ ಒಡೀಬೇಕು, ಶಾಯಿ ಹೊಸ ಮುಚ್ಚಳಕ್ಕೆ ಹಾಕ್ಬೇಕು, ಕೈಗೆ ಹೊಸ ಗ್ಲೌಸ್ ಇರ್ಬೇಕು. ಇಲ್ದಿದ್ರೆ ಎದ್ದು ಬಾ. ನಾಚ್ಕಬೇಡ." ಹುಡುಗ ತಲೆಯಾಡಿಸಿದ. ಬಸ್ಸು ಬಂತು.

ಆಮೇಲೆ ಊರಿನಿಂದ ಫೋನಿಲ್ಲ. ಇವನು ಮಾಡಿದರೆ ತಮ್ಮ ಎತ್ತುವುದಿಲ್ಲ. ಹಿಂದಿನ ಒಂಟಿತನ ತಾನೇ ಆರಿಸಿಕೊಂಡದ್ದು, ಬಾಗಿಲ ಚಿಲಕ ತನ್ನ ಕಡೆಗಿತ್ತು. ಈಗ ಆಚೆ ಕಡೆಯಿಂದಲೂ ಚಿಲಕ ಬಿದ್ದಿತ್ತು. ಅಂಗಡಿಯಲ್ಲಿ ಬಟ್ಟೆ ಅಳೆಯುತ್ತ ಗಿರಾಕಿಗಳ ಜೊತೆ ಕನ್ನಡದಲ್ಲಿ, ಕೊಂಕಣಿಯಲ್ಲಿ, ಭಟ್ಕಳದ ಮುಸ್ಲಿಮರ ನವಾಯತಿಯಲ್ಲಿ ಮಾತಾಡುವನು, ಸಂಜೆ ಕೋಣೆಗೆ ಬಂದರೆ ಮೂರೂ ಭಾಷೆಯಲ್ಲಿ ಮಾತಿಲ್ಲ. ಹೇಳಿದ್ದು ತಪ್ಪಾಯಿತೇ ಎಂದು ಎಷ್ಟೋ ಸಲ ಅನಿಸಿತು. ಸಂಜಯನ ನೆತ್ತಿ ನೆನಪಾದರೆ ಸರಿಯೇ ಆಯಿತು ಅನಿಸಿತು. ಆದರೂ ಅಳು ಬರುವುದು ಬಿಡಲಿಲ್ಲ.

ಸಂಜಯನೇ ಒಂದು ದಿನ ಮೆಸೇಜ್ ಹಾಕಿದ. ಹೊನ್ನಾವರದ ಆಸ್ಪತ್ರೆಯಲ್ಲಿ ಎಲ್ಲರೂ ರಕ್ತ ಕೊಟ್ಟರಂತೆ. ಅವನಿಗೆ ಇಲ್ಲ, ಅಮ್ಮನಿಗೆ ಇಲ್ಲ, ಅಜ್ಜಿಗೆ ಇಲ್ಲ. ಅಮ್ಮನಿಗೂ ಅವನಿಗೂ ಮೊದಲ ಲಸಿಕೆ ಆಯಿತು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಗಣಪಣ್ಣನೂ ಹೋಗಿ ಹಾಕಿಸಿಕೊಂಡ, ಸಾವಿನ ಕತ್ತಿ ಇನ್ನು ಬರೀ ಪೂಜೆಗೆ ಎಂದನಂತೆ. ತನ್ನ ಅಪ್ಪನ ವಿಷಯ ಮಾತ್ರ ಹುಡುಗ ಬರೆದಿರಲಿಲ್ಲ. ಅಣ್ಣಪ್ಪ ಆ ಮೆಸೇಜನ್ನು ಮತ್ತೆ ಮತ್ತೆ ಓದಿದ, ತಮ್ಮನ ಹೆಸರು ಎಲ್ಲಾದರೂ ಇದೆಯೋ ಎಂದು.

ಆ ಭಾನುವಾರ ಮಧ್ಯಾಹ್ನ ಯಾರೋ ಮೆಟ್ಟಿಲು ಹತ್ತಿ ಬಂದರು. ಬಾಗಿಲು ತೆಗೆದರೆ ವೆಂಕಟ್ರಮಣ. ಬೋಳುತಲೆಯ ಮೇಲೆ ಕೂದಲು ಆಗಷ್ಟೇ ಮೊಳೆಯುತ್ತಿತ್ತು, ಇವನದ್ದೂ ಹಾಗೇ. ತಮ್ಮ ಕೋಣೆಯನ್ನೆಲ್ಲ ಒಮ್ಮೆ ನೋಡಿದ. ಕೂರು ಎನ್ನುವ ಮೊದಲೇ ಮಂಚದ ಮೇಲೆ ಕೂತ.

"ನಂಗೂ ಇದೆ ಅಂತೆ," ಎಂದ.

ಅಣ್ಣಪ್ಪ ಬಾಗಿಲು ಮುಚ್ಚಿ ಬಂದ.

"ಸ್ಕ್ಯಾನಿಂಗ್ ಎಲ್ಲ ಆತು. ಲಿವರ್ ಗಟ್ಟಿ ಆಗೂಕೆ ಶುರು ಆಗಿದೆಯಂತೆ. ಎಷ್ಟೋ ವರ್ಷದಿಂದ ಒಳಗೇ ಇತ್ತು ಅಂದ್ರು. ಮಾತ್ರೆ ಶುರು ಮಾಡಿದ್ರು. ಮುಂದೆ ಹೋಗೂದು ತಡೀಬಹುದು, ಕುಡಿಯೂದು ಪೂರ್ತಿ ಬಿಡ್ಬೇಕು ಅಂದ್ರು. ಬಿಟ್ಟೆ."

"ನಾ ಆವಾಗ್ಲೇ ಹೇಳಿದ್ರೆ..." ಅಣ್ಣಪ್ಪ ಅಂದ. "ನಿಂಗೆ ಆವಾಗ್ಲೇ ಗೊತ್ತಾಗ್ತಿತ್ತು ವೆಂಕಟ್ರಮಣ. ಇಷ್ಟು ಆಗ್ತಿರ್ಲಿಲ್ಲ. ನಾನೇ ನಿಂಗೆ ಕೊಟ್ನೋ ಏನೋ."

"ಹೇಳ್ಬೇಕಿತ್ತು." ತಮ್ಮ ತಲೆ ತಗ್ಗಿಸಿಕೊಂಡೇ ಅಂದ. "ಅದಕ್ಕೆ ನಂಗೆ ಸಿಟ್ಟಿದೆ. ಸುಳ್ಳು ಹೇಳೂದಿಲ್ಲ. ನೀ ಕೊಟ್ಯೋ, ನಾ ನಿಂಗೆ ಕೊಟ್ನೋ, ಯಾರು ಕಂಡಿದ್ದು? ಅದು ಬಿಡು."

ಕೆಳಗೆ ರಸ್ತೆಯಲ್ಲಿ ಗಾಡಿಗಳ ಸದ್ದು. ವೆಂಕಟ್ರಮಣನ ಹೆಗಲು ಅಲುಗತೊಡಗಿತು. ಅಪ್ಪ ಸತ್ತಾಗಲೂ ಅವನು ಹೀಗೆ ಅತ್ತಿರಲಿಲ್ಲ.

"ನಂಗೆ ಗೊತ್ತಾಗಿ ಒಂದು ವಾರ ಆತು ಅಣ್ಣ," ಎಂದ. "ಹೆಂಡ್ತಿ ಇದ್ದಳು, ಮಗ ಇದ್ದ, ಅವ್ವ ಇದ್ದಳು. ಎಲ್ಲರೂ ಇದ್ರೂ ರಾತ್ರಿ ನಿದ್ದೆ ಇಲ್ಲ, ಅನ್ನ ಸೇರೂದಿಲ್ಲ. ಒಂದು ವಾರ ತಡ್ಕಳ್ಳೂಕೆ ನಂಗೆ ಆಗ್ಲಿಲ್ಲ." ಮುಖ ಎತ್ತಿ ಅಣ್ಣನನ್ನು ನೋಡಿದ. "ನೀ ಹದಿನಾಲ್ಕು ವರ್ಷ ಒಬ್ಬನೇ ಹೆಂಗೆ ಇದ್ಯೋ?"

ರೇಜರಿನ ವಿಷಯ ಕೇಳಿದ್ದರೆ ಅಣ್ಣಪ್ಪನ ಹತ್ತಿರ ಉತ್ತರವಿತ್ತು. ಲಸಿಕೆ, ಮಾತ್ರೆ, ಸ್ಕ್ಯಾನಿಂಗ್, ಯಾವುದನ್ನು ಕೇಳಿದ್ದರೂ ಹೇಳುತ್ತಿದ್ದ. ಇದೊಂದನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ತಮ್ಮನ ಪಕ್ಕ ಮಂಚದ ಮೇಲೆ ಕುಸಿದು ಕೂತು ಚಿಕ್ಕ ಮಗುವಿನಂತೆ ಗಟ್ಟಿಯಾಗಿ ಅತ್ತುಬಿಟ್ಟ.